ಯಾವ ಫೈನಲ್ ಮೇಡಂ?

2023ರ ಅಕ್ಟೋಬರ್ ಕೊನೆಯ ವಾರ. ಹನುಮಂತನಗರದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆ ಪ್ರೆಸ್‌ಗೆ ಹೋಗಬೇಕಿತ್ತು. ನಾನು ಬಸ್ಸಿನಲ್ಲಿದ್ದೆ. ಚಾಮರಾಜಪೇಟೆಯ ಡಿಟಿಪಿ ಅಂಗಡಿಯಿಂದ ಫೋನ್ ಬಂತು.

"ಮೇಡಂ, ಪುಟ ಕಟ್ಟೋಕೆ ಕೂತಿದೀನಿ. ನೀವು ಕಳಿಸಿದ್ರಲ್ಲಿ ಐದು ಫೈನಲ್ ಇದೆ. ಯಾವ ಫೈನಲ್ ಮೇಡಂ?"

"ಎರಡು ಸಲ ಫೈನಲ್ ಅಂತ ಬರೆದಿದೆಯಲ್ಲ, ಅದೇ ಕೊನೇದು" ಅಂದೆ. ಅವರು ಅದನ್ನೇ ಹಾಕಿದರು. 64 ಪುಟ, 500 ಪ್ರತಿ ಅಚ್ಚಾಯಿತು.

ಅಕ್ಟೋಬರ್ 30ರಂದು ಕಟ್ಟುಗಳು ಸಂಘದ ಕೋಣೆಗೆ ಬಂದವು. ನಮ್ಮ ಅಧ್ಯಕ್ಷರು, ನಾವೆಲ್ಲ ರಾಯರು ಅಂತ ಕರೆಯುವವರು, ಮೊದಲ ಪ್ರತಿ ತೆಗೆದು ನೇರವಾಗಿ 12ನೇ ಪುಟಕ್ಕೆ ಹೋದರು. ತೀರಿಹೋದ ಹಿರಿಯ ಸದಸ್ಯರೊಬ್ಬರ ಬಗ್ಗೆ ಬರೆದ ಪುಟ ಅದು. ಅವರು ಸಂಘ ಸೇರಿದ ವರ್ಷ 1978 ಎಂದು ಅಚ್ಚಾಗಿತ್ತು. ಸರಿಯಾದದ್ದು 1987. ಅವರ ಮನೆಯವರು ತಾವೇ ಫೋನ್ ಮಾಡಿ ಈ ತಪ್ಪು ಹೇಳಿದ್ದರು. ರಾಯರು ಅದನ್ನು ತಿದ್ದಿ ನನಗೆ ಮೇಲ್ ಕೂಡ ಮಾಡಿದ್ದರು. ಆ ತಿದ್ದುಪಡಿ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಪುಸ್ತಕದಲ್ಲಿ ಇರಲಿಲ್ಲ.

ಮಾರನೆಯ ರಾತ್ರಿ ಆರು ಜನ ಕೂತು 500 ಪ್ರತಿಗೂ ಒಪ್ಪೋಲೆ ಅಂಟಿಸಿದೆವು. ತಪ್ಪು ತಿದ್ದುವ ಬೆರಳಗಲದ ಚೀಟಿ, ಒಂದೇ ಸಾಲು. ಕಾರ್ಯಕ್ರಮದ ದಿನ ಆ ಹಿರಿಯರ ಮನೆಯ ಅಮ್ಮ ಬಂದರು. ಪುಸ್ತಕ ತೆಗೆದು ಆ ಚೀಟಿಯ ಮೇಲೆ ಬೆರಳಾಡಿಸುತ್ತಾ ಸುಮಾರು ಹೊತ್ತು ಕೂತಿದ್ದರು. ನನಗೆ ಏನೂ ಅನ್ನಲಿಲ್ಲ. ನಾನು ಈ ವಿಷಯದ ಬಗ್ಗೆ ಇಷ್ಟು ಯೋಚಿಸಿದ್ದು ಆ ಬೆರಳು ನೋಡಿದ ಮೇಲೆ.

ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಆ ಫೋಲ್ಡರ್ ತೆರೆದು ಕೂತೆ. ಎಲ್ಲಿ ತಪ್ಪಿತು ಅಂತ ತಿಳಿಯಲೇಬೇಕಿತ್ತು. ಅದರಲ್ಲಿದ್ದದ್ದು ಇಷ್ಟು:

```
sanchike.docx
sanchike_final.docx
sanchike_final (1).docx
sanchike_final_corrected.docx
sanchike_final_final.docx
sanchike_FINAL_print.docx
```

ಮೊದಲು ಕಣ್ಣು ಹೋಗುವುದು ತಾರೀಕಿನ ಕಡೆ, ಅಲ್ವಾ? ಅಲ್ಲೇ ದಾರಿ ತಪ್ಪುತ್ತದೆ. ಮೇಲ್‌ನಿಂದ ಇಳಿಸಿಕೊಂಡ ಫೈಲಿಗೆ ಫೋಲ್ಡರಿನಲ್ಲಿ ಕಾಣುವ ತಾರೀಕು ಅದನ್ನು ಬರೆದ ದಿನದ್ದಲ್ಲ, ಸಾಮಾನ್ಯವಾಗಿ ಇಳಿಸಿಕೊಂಡ ದಿನದ್ದು. ಹಳೆಯ ಫೈಲನ್ನು ಇವತ್ತು ಮತ್ತೆ ಇಳಿಸಿಕೊಂಡರೆ ಅದೇ ಎಲ್ಲಕ್ಕಿಂತ ಹೊಸದರ ಹಾಗೆ ಮೇಲೆ ಬಂದು ಕೂರುತ್ತದೆ. ಸರಿಯಾದ ಸಮಯ ವರ್ಡ್ ಫೈಲಿನ ಒಳಗೇ ಇರುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties`, ಅದರಲ್ಲಿ `Details` ಒತ್ತಿದರೆ `Last saved by` ಮತ್ತು `Date last saved` ಎಂಬ ಎರಡು ಸಾಲು ಕಾಣುತ್ತವೆ. ಯಾರು, ಯಾವಾಗ ಕೊನೆಯ ಬಾರಿ ಸೇವ್ ಮಾಡಿದರು ಅಂತ ಅವು ಹೇಳುತ್ತವೆ.

ಹಾಗೆ ಒಂದೊಂದನ್ನೇ ನೋಡುತ್ತಾ ಹೋದಾಗ ಕಥೆ ಬಿಚ್ಚಿಕೊಂಡಿತು. ಅಕ್ಟೋಬರ್ 17ರಂದು ನಾನು `sanchike_final.docx` ಅನ್ನು ರಾಯರಿಗೆ ಕಳಿಸಿದ್ದೆ. ಅವರು ನಾಲ್ಕು ದಿನ ಕೂತು ತಿದ್ದಿದರು. ಹೆಸರು ಬದಲಾಯಿಸದೆ ಅದೇ ಫೈಲನ್ನು ವಾಪಸ್ ಕಳಿಸಿದರು. ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ಮೊದಲೇ ಇದ್ದುದರಿಂದ ಬ್ರೌಸರ್ ತಾನೇ ಕೊನೆಗೆ `(1)` ಸೇರಿಸಿತು. ನೋಡಿದರೆ ಸುಮ್ನೆ ಎರಡು ಸಲ ಇಳಿದ ನಕಲು ಅನ್ನಿಸುತ್ತದೆ. ಆದರೆ ರಾಯರ ನಾಲ್ಕು ದಿನದ ಕೆಲಸ, 1987 ಸೇರಿ, ಅದರಲ್ಲೇ ಇತ್ತು.

ಅದೇ ನಾಲ್ಕು ದಿನ ನಾನೂ ಸುಮ್ಮನಿರಲಿಲ್ಲ. ನನ್ನ ಹತ್ತಿರ ಉಳಿದಿದ್ದ `final` ತೆಗೆದು ಎರಡು ಲೇಖನಗಳ ಕಾಗುಣಿತ ಸರಿಮಾಡಿದೆ. ಅದು `final_corrected` ಆಯಿತು. ಆಮೇಲೆ ಒಂದು ಜಾಹೀರಾತು ಬಂತು. ಅದನ್ನು ಸೇರಿಸಿದ ಮೇಲೆ `final_final` ಆಯಿತು.

ಇಲ್ಲಿ ಒಂದು ವಿಷಯ ನನಗೆ ಆವತ್ತೇ ಮೊದಲ ಸಲ ಹೊಳೆದದ್ದು. ಫೋನಿನಲ್ಲಿ ಅಂಗಡಿಯವರು ಕೇಳಿದ ಪ್ರಶ್ನೆಗೆ ಸರಿ ಉತ್ತರವೇ ಇರಲಿಲ್ಲ. `final_final` ಅಂದರೂ ತಪ್ಪು, `final (1)` ಅಂದರೂ ತಪ್ಪು. ಒಂದರಲ್ಲಿ ಜಾಹೀರಾತು ಇತ್ತು, 1987 ಇರಲಿಲ್ಲ. ಇನ್ನೊಂದರಲ್ಲಿ 1987 ಇತ್ತು, ಜಾಹೀರಾತು ಇರಲಿಲ್ಲ. ಒಂದೇ ತಾಯಿಯ ಎರಡು ಮಕ್ಕಳು ಅವು. ಎಲ್ಲವೂ ಇರುವ ಫೈಲನ್ನು ಯಾರೂ ಮಾಡಿಯೇ ಇರಲಿಲ್ಲ. `final`, `final_final` ಅಂತ ಹೆಸರಿಡುತ್ತಾ ಹೋದಾಗ ಒಂದರ ಹಿಂದೆ ಒಂದು ಸಾಲಾಗಿ ಬಂದ ಹಾಗೆ ಕಾಣುತ್ತದೆ. ಕೆಲಸ ಮಾತ್ರ ಕವಲೊಡೆದಿರುತ್ತದೆ. ಆ ಕವಲನ್ನು ಹೆಸರು ಹೇಳುವುದಿಲ್ಲ.

ಅದಕ್ಕೇ ಫೈಲಿನ ಹೆಸರು ಹೇಳಬೇಕಾದ್ದು ಇದು ಕೊನೆಯದೋ ಅಲ್ಲವೋ ಎಂಬುದನ್ನಲ್ಲ. ಇದು ಯಾವುದರಿಂದ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನು. ಹಾಗೆ ನೋಡಿದರೆ ಕೊನೆಯದು ಯಾವುದು ಅಂತ ಫೈಲ್ ಮಾಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಅಚ್ಚಾದ ಮೇಲೆ ತಾನೇ ಗೊತ್ತಾಗುವುದು?

ಮುಂದಿನ ವರ್ಷದ ಸಂಚಿಕೆಗೆ ಹೆಸರು ಹೀಗೆ ಇಟ್ಟೆವು:

```
sanchike_v04_2024-10-05.docx
sanchike_v04_2024-10-05_mg.docx
sanchike_v04_2024-10-05_sr.docx
sanchike_v05_2024-10-09.docx
```

ಓದುವುದು ಸುಲಭ. ನಾಲ್ಕನೆಯದನ್ನು ಇಬ್ಬರಿಗೆ ಕಳಿಸಿದೆ. ಇಬ್ಬರೂ ತಿದ್ದಿ ಕೊನೆಗೆ ತಮ್ಮ ಎರಡಕ್ಷರ ಸೇರಿಸಿ ವಾಪಸ್ ಕಳಿಸಿದರು. ಎರಡನ್ನೂ ಸೇರಿಸಿ ನಾನು ಐದನೆಯದು ಮಾಡಿದೆ. ತಿದ್ದುವವರು ನಂಬರ್ ಮುಟ್ಟುವುದಿಲ್ಲ, ತಾರೀಕೂ ಮುಟ್ಟುವುದಿಲ್ಲ. ಹೆಸರಿನ ಕೊನೆಗೆ ತಮ್ಮ ಅಕ್ಷರ ಹಾಕುತ್ತಾರೆ, ಅಷ್ಟೇ. ಹೊಸ ನಂಬರ್ ಕೊಡುವುದು ಒಬ್ಬರು ಮಾತ್ರ. ನಮ್ಮಲ್ಲಿ ಅದು ನಾನು. ಇಬ್ಬರು ನಂಬರ್ ಕೊಟ್ಟರೆ ಒಂದೇ ದಿನ ಎರಡು `v05` ಹುಟ್ಟುತ್ತವೆ. ಅದು ಐದು ಫೈನಲ್‌ಗಿಂತ ಕಷ್ಟ, ಯಾಕೆಂದರೆ ನಂಬರ್ ನೋಡಿದಾಗ ಯಾರಿಗೂ ಅನುಮಾನ ಬರುವುದಿಲ್ಲ.

ನಂಬರ್ ಯಾವಾಗ ಏರಿಸಬೇಕು ಎಂಬ ವಿಷಯದಲ್ಲಿ ಶುರುವಿನಲ್ಲಿ ನಾನೇ ಎಡವಿದೆ. ಪ್ರತಿ ದಿನ ಕೂತಾಗ ಒಂದು ಹೊಸ ನಂಬರ್ ಕೊಡುತ್ತಿದ್ದೆ. ನಂಬರ್ ಸುಮ್ಮನೆ ಏರುತ್ತಾ ಹೋಯಿತು, ಅದರಲ್ಲಿ ಬೇರೆಯವರು ನೋಡಿದ್ದು ಒಂದೆರಡು ಮಾತ್ರ. ಉಳಿದವುಗಳಿಂದ ಯಾರಿಗೂ ಉಪಯೋಗವಿಲ್ಲ. ಆಮೇಲೆ ಗೊತ್ತಾಯಿತು, ನಂಬರ್ ಬೇಕಾಗುವುದು ಫೈಲ್ ನನ್ನ ಕೈಬಿಟ್ಟು ಇನ್ನೊಬ್ಬರ ಕೈ ಸೇರುವಾಗ. ನನ್ನ ಹತ್ತಿರ ಇರುವ ತನಕ ಹತ್ತು ಸಲ ಸೇವ್ ಮಾಡಿದರೂ ಅದು ಒಂದೇ. ಒಮ್ಮೆ ಕಳಿಸಿದ ಮೇಲೆ ಆ ನಂಬರ್ ಮುಗಿಯಿತು. ಅದರಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುಂದಿನ ನಂಬರ್. ಇದರಲ್ಲಿ ಮಾತ್ರ ನಾನು ಬಿಗಿ. "ಒಂದೇ ಅಕ್ಷರ ತಾನೇ, ಅದೇ ಹೆಸರಲ್ಲಿ ಮತ್ತೆ ಕಳಿಸಿಬಿಡಿ" ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ. ಒಂದೇ ಹೆಸರಿನ ಎರಡು ಬೇರೆ ಫೈಲುಗಳಿಂದಲೇ 2023ರಲ್ಲಿ `(1)` ಹುಟ್ಟಿದ್ದು. ಕಳಿಸಿದ ಫೈಲನ್ನು `Properties`ನಲ್ಲಿ `Read-only` ಮಾಡಿಡುತ್ತೇನೆ. ಮರೆತು ಅದರಲ್ಲೇ ತಿದ್ದಲು ಹೋದರೆ ವರ್ಡ್ ಬೇರೆ ಹೆಸರು ಕೇಳುತ್ತದೆ.

ಚಿಕ್ಕ ವಿಷಯಗಳು ಒಂದೆರಡಿವೆ. `v4` ಬದಲು `v04` ಯಾಕೆ? ವಿಂಡೋಸ್‌ನ ಫೋಲ್ಡರ್ 2 ಆದ ಮೇಲೆ 10 ಎಂದು ಸರಿಯಾಗಿಯೇ ಜೋಡಿಸುತ್ತದೆ. ಎಲ್ಲ ಕಡೆ ಹಾಗಲ್ಲ. ಬರೀ ಅಕ್ಷರ ನೋಡಿ ಜೋಡಿಸುವ ಜಾಗದಲ್ಲಿ `v10` ಬಂದು `v2`ಗಿಂತ ಮೊದಲು ಕೂರುತ್ತದೆ. ಮುಂದೊಂದು ಸೊನ್ನೆ ಇದ್ದರೆ ಆ ತೊಂದರೆ ಇಲ್ಲ. ತಾರೀಕನ್ನು ವರ್ಷದಿಂದ ಶುರು ಮಾಡುವುದೂ ಇದೇ ಕಾರಣಕ್ಕೆ. ನಾವು ಬರೆಯುವ ಹಾಗೆ 05-10-2024 ಅಂತ ಇಟ್ಟರೆ ನವೆಂಬರ್ 1 ಹೋಗಿ ಅಕ್ಟೋಬರ್ 5ಕ್ಕಿಂತ ಮೇಲೆ ನಿಲ್ಲುತ್ತದೆ. ಓರೆಗೆರೆ ಹಾಕಿ ಬರೆಯೋಣ ಅಂದರೆ ವಿಂಡೋಸ್ ಫೈಲಿನ ಹೆಸರಿನಲ್ಲಿ ಅದನ್ನು ಬಿಡುವುದೇ ಇಲ್ಲ. ತಾರೀಕಿಗಿಂತ ನಂಬರನ್ನು ಮೊದಲು ಇಟ್ಟಿದ್ದೇನೆ. ಫೋನಿನಲ್ಲಿ ಜನ ಹೇಳುವುದು ಅದನ್ನೇ.

ಎರಡು ತಿದ್ದುಪಡಿಗಳನ್ನು ಸೇರಿಸುವ ಕೆಲಸ ಕಣ್ಣಿನಿಂದ ಮಾಡಬಾರದು. ವರ್ಡ್‌ನಲ್ಲಿ `Review` ಒಳಗೆ `Compare` ಅಂತ ಇದೆ. ಹಳೆಯದರ ಜಾಗಕ್ಕೆ `v04`, ಹೊಸದರ ಜಾಗಕ್ಕೆ `v04_mg` ಕೊಟ್ಟರೆ ರಾಯರು ಮುಟ್ಟಿದ ಪ್ರತಿ ಅಕ್ಷರ ಬಣ್ಣದಲ್ಲಿ ಎದ್ದು ಕಾಣುತ್ತದೆ. ಅವರು ಹೇಳಲು ಮರೆತ ತಿದ್ದುಪಡಿಯೂ ಸಿಗುತ್ತದೆ. ತಾಯಿ ಯಾವುದು ಅಂತ ಗೊತ್ತಿದ್ದರೆ ಮಾತ್ರ ಇದು ಕೆಲಸ ಮಾಡುವುದು, ನೆನಪಿಡಿ. `v03` ಜೊತೆ ಹೋಲಿಸಿದರೆ ಅವರು ಮಾಡದ ಬದಲಾವಣೆಗಳೂ ಅವರ ಹೆಸರಿಗೆ ಬೀಳುತ್ತವೆ. ಹೆಸರಿನಲ್ಲಿ ನಂಬರ್ ಉಳಿಸಿಕೊಳ್ಳಿ ಅಂತ ಎಲ್ಲರಿಗೂ ಕೇಳಿಕೊಳ್ಳುವುದು ಇದಕ್ಕೇ.

ಕನ್ನಡದಲ್ಲಿ ಒಂದು ತೊಡಕಿದೆ. ಕಣ್ಣಿಗೆ ಒಂದೇ ಥರ ಕಾಣುವ ಪದವನ್ನು ಕೆಲವು ಸಲ `Compare` ಬೇರೆ ಅಂತ ತೋರಿಸುತ್ತದೆ. "ಅಕ್ಟೋಬರ್" ಅಂತ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ. ಇನ್ನು ಕೆಲವು ಸೇರಿಸುವುದಿಲ್ಲ. ಮೊದಲ ಸಲ ನೋಡಿದಾಗ ಪುಟವೆಲ್ಲಾ ಕೆಂಪಾಗಿ ಗಾಬರಿಯಾಗಿತ್ತು. ಈಗ ಅಂಥವನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಯೋಚಿಸಬೇಕಾಗಿ ಬಂದದ್ದು ಡಿಟಿಪಿ ಹಂತದಲ್ಲಿ. ನಾವು ವರ್ಡ್‌ನಲ್ಲಿ ಬರೆಯುವುದು ಯೂನಿಕೋಡ್ ಅಕ್ಷರದಲ್ಲಿ. ನಮ್ಮ ಅಂಗಡಿಯವರು ಪುಟ ಕಟ್ಟುವುದು ಇವತ್ತಿಗೂ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹಾಗಾಗಿ ಅವರು ನಮ್ಮ ಬರಹವನ್ನು ಪರಿವರ್ತಕದಲ್ಲಿ ಹಾಕಿ ನುಡಿ ತಂತ್ರಾಂಶದ ಹಳೆಯ ಫಾಂಟಿಗೆ ಬದಲಾಯಿಸಿಕೊಂಡು ಪುಟಕ್ಕೆ ಸುರಿಯುತ್ತಾರೆ. ಆಗ ಅಲ್ಲಲ್ಲಿ ಒತ್ತಕ್ಷರ ಒಡೆಯುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಅವನ್ನೆಲ್ಲ ಪುಟದ ಮೇಲೇ ಕೂತು ಸರಿಮಾಡುತ್ತಾರೆ.

ಈಗ ಯೋಚಿಸಿ. ಪುಟ ಕಟ್ಟಿದ ಮರುದಿನ ಲೇಖಕರೊಬ್ಬರು ವರ್ಡ್‌ನಲ್ಲೇ ಎರಡು ಸಾಲು ಸೇರಿಸಿ ಇಡೀ ಲೇಖನ ಮತ್ತೆ ಕಳಿಸುತ್ತಾರೆ. ಅಂಗಡಿಯವರು ಅದನ್ನು ಮತ್ತೆ ಪರಿವರ್ತಿಸಿ ಸುರಿಯುತ್ತಾರೆ. ಎರಡು ಸಾಲು ಬಂತು, ಸರಿ. ಜೊತೆಗೆ ನಿನ್ನೆ ಸರಿಮಾಡಿದ್ದ ಅಷ್ಟೂ ಒಡೆದ ಅಕ್ಷರಗಳು ಮತ್ತೆ ಬಂದವು. "ಇದನ್ನ ನಿನ್ನೆನೇ ತಿದ್ದಿದ್ವಲ್ಲಾ!" ಅಂತ ಕರಡು ನೋಡುವವರು ಹೇಳುತ್ತಾರಲ್ಲ, ಮುಕ್ಕಾಲು ಪಾಲು ಕಾರಣ ಇದೇ. ತಿದ್ದಿದ್ದು ನಿಜ. ತಿದ್ದಿದ ಫೈಲ್ ಬೇರೆ, ಈಗ ಕೈಯಲ್ಲಿರುವುದು ಬೇರೆ.

ಹಾಗಾಗಿ ಬರಹ ಪುಟಕ್ಕೆ ಇಳಿದ ಕ್ಷಣ ವರ್ಡ್ ಫೈಲಿನ ಬಾಗಿಲು ಮುಚ್ಚುತ್ತೇವೆ. ನಮ್ಮಲ್ಲಿ `v07`ಕ್ಕೆ ಮುಚ್ಚಿತು. ಅಲ್ಲಿಂದ ಮುಂದೆ ಪುಟಗಳಿಗೆ ಬೇರೆಯೇ ಎಣಿಕೆ: `p01`, `p02`. ಅಕ್ಷರ ಬೇರೆಯಾದ್ದರಿಂದ ಬಾಗಿಲು ದಾಟಿದ್ದೇವೆ ಅಂತ ಎಲ್ಲರಿಗೂ ತಿಳಿಯುತ್ತದೆ. `p01` ಆದ ಮೇಲೆ ಯಾರ ತಿದ್ದುಪಡಿಯಾದರೂ ಪುಟದ ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಬರಬೇಕು, ಇಲ್ಲವೇ ಪುಟ, ಸಾಲು ಹೇಳಿ ಮೆಸೇಜ್ ಮಾಡಬೇಕು. ಹೊಸ ವರ್ಡ್ ಫೈಲ್ ತೆಗೆದುಕೊಳ್ಳುವುದಿಲ್ಲ. ಲೇಖಕರೊಬ್ಬರಿಗೆ ಇದು ಬೇಸರ ತಂದಿತು. ಅವರ ಮನೆಗೇ ಹೋಗಿ ಕರಡಿನ ಎರಡು ಹಾಳೆ ಮುಂದಿಟ್ಟು ಒಡೆದ ಅಕ್ಷರ ತೋರಿಸಿದೆ. ಅವರೇ ಕೆಂಪು ಪೆನ್ ತಗೊಂಡರು.

ಕಾಗದದ ಕರಡಿಗೂ ಹೆಸರು ಬೇಕು. ಮೇಜಿನ ಮೇಲೆ ಮೂರು ಕಂತೆ ಬಿದ್ದಿದ್ದರೆ ಯಾವುದು ಯಾವುದರ ಕರಡು ಅಂತ ಹೇಗೆ ಹೇಳುವುದು? ವರ್ಡ್ ಹಂತದಲ್ಲಿ ಇದಕ್ಕೆ ಒಳ್ಳೆಯ ಉಪಾಯ ಇದೆ. ಪುಟದ ಕೆಳಗಿನ ಅಂಚಿನಲ್ಲಿ, ಅಂದರೆ ಫೂಟರ್‌ನಲ್ಲಿ, `Insert`, `Quick Parts`, `Field` ಮೂಲಕ `FileName` ಎಂಬ ಫೀಲ್ಡ್ ಹಾಕಿ. ಪ್ರಿಂಟ್ ತೆಗೆದ ಪ್ರತಿ ಹಾಳೆಯ ಕೆಳಗೂ ಫೈಲಿನ ಹೆಸರು ತಾನೇ ಬರುತ್ತದೆ. ಹೆಸರು ಬದಲಾಯಿಸಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಅದರ ಮೇಲೆ ಕರ್ಸರ್ ಇಟ್ಟು `F9` ಒತ್ತಬೇಕು. ಇದನ್ನು ಮರೆತರೆ ಹಾಳೆಯೇ ಸುಳ್ಳು ಹೇಳುತ್ತದೆ, ಜೋಪಾನ. ಪುಟ ಕಟ್ಟಿದ ಮೇಲೆ ಅಂಗಡಿಯವರೇ ಕತ್ತರಿಸುವ ಗೆರೆಯ ಹೊರಗೆ `p02` ಅಂತ ಸಣ್ಣದಾಗಿ ಟೈಪ್ ಮಾಡುತ್ತಾರೆ. ಪುಸ್ತಕ ಕತ್ತರಿಸಿದಾಗ ಅದು ಹೋಗುತ್ತದೆ.

ಗೂಗಲ್ ಡಾಕ್ಸ್‌ನಲ್ಲೇ ಎಲ್ಲರೂ ಬರೆದರೆ ಇಷ್ಟೆಲ್ಲಾ ಬೇಕಾ ಅಂತ ನನ್ನ ತಮ್ಮ ಕೇಳಿದ. ಎಲ್ಲರೂ ಅಲ್ಲೇ ಬರೆದರೆ ಬೇಡ, ಅಲ್ಲಿ ಇರುವುದೇ ಒಂದು ಪ್ರತಿ. `Version history` ಒಳಗೆ `Name current version` ಒತ್ತಿ ಅಲ್ಲಿಯೂ `v05` ಅಂತ ಗುರುತು ಹಾಕಬಹುದು. ಆದರೆ ನಮ್ಮ ಸಂಘದಲ್ಲಿ ಒಬ್ಬರು ಫೋನಿನಲ್ಲಿ ಓದುತ್ತಾರೆ, ಒಬ್ಬರು ಪ್ರಿಂಟ್ ಕೇಳುತ್ತಾರೆ, ಒಬ್ಬರು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ. ಒಬ್ಬರು ಒಂದು ಪ್ರತಿ ಇಳಿಸಿಕೊಂಡರೂ ಸಾಕು, ಕವಲು ಶುರುವಾಯಿತು.

ಜನ ಈಗಲೂ `final` ಅಂತ ಹೆಸರಿಟ್ಟು ಕಳಿಸುತ್ತಾರೆ. ಅದಕ್ಕೆ ಯಾರನ್ನೂ ಏನೂ ಅನ್ನುವುದಿಲ್ಲ. ಕೆಲಸ ಮುಗಿಸಿದ ಸಮಾಧಾನ ಅದರಲ್ಲಿರುತ್ತದೆ. ತೆರೆದು ನೋಡಿ, ಫೂಟರ್‌ನಲ್ಲಿ ಯಾವ ನಂಬರ್ ಉಳಿದಿದೆ ಅಂತ ಕಂಡುಕೊಂಡು, ಅದೇ ನಂಬರಿಗೆ ಅವರ ಎರಡಕ್ಷರ ಸೇರಿಸಿ ಇಟ್ಟುಕೊಳ್ಳುತ್ತೇನೆ. ಬಂದ ಕೂಡಲೇ ಮಾಡಬೇಕು. ನಾಳೆ ಮಾಡೋಣ ಅಂದರೆ ಯಾರು ಕಳಿಸಿದ್ದು ಅಂತಲೇ ಮರೆಯುತ್ತದೆ.

ಒಪ್ಪಿಗೆಯ ವಿಷಯ ಮಾತ್ರ ಹೆಸರಿನಲ್ಲಿ ಇಡುವುದಿಲ್ಲ. ಅದಕ್ಕೆ ಅದೇ ಫೋಲ್ಡರಿನಲ್ಲಿ `patti.txt` ಅಂತ ಒಂದು ಸಾದಾ ಫೈಲ್ ಇದೆ. ನಂಬರ್ ಕೊಟ್ಟಾಗಲೆಲ್ಲ ಒಂದು ಸಾಲು. 2024ರ ಪಟ್ಟಿಯ ಕೊನೆಯ ಭಾಗ ಹೀಗಿದೆ:

```
v07  10-16  ಡಿಟಿಪಿಗೆ ಹೋಯಿತು. ವರ್ಡ್ ಇಲ್ಲಿಗೆ ಮುಗಿಯಿತು.
p01  10-19  ಕರಡು ಮೂವರಿಗೆ.
p02  10-22  ಪುಟ 9, 12, 40 ತಿದ್ದಿದ್ದು. ವರ್ಷಗಳನ್ನು ಮನೆಯವರಿಗೆ ಓದಿ ಹೇಳಿದೆ.
p03  10-24  ರಾಯರು ನೋಡಿ ಒಪ್ಪಿದರು. ಪಿಡಿಎಫ್ ಪ್ರೆಸ್‌ಗೆ.
```

24ರ ರಾತ್ರಿ ಒಂಬತ್ತೂವರೆಗೆ ಅಂಗಡಿಯಿಂದ ಫೋನ್ ಬಂತು. "ಮೇಡಂ, ಪಿ ಮೂರು ಕಳಿಸ್ತಾ ಇದೀನಿ."

"ಹ್ಞೂಂ, ಮೂರೇ ಕಳಿಸಿ" ಅಂದೆ.

ಮಾರನೆಯ ದಿನ ಬೆಳಿಗ್ಗೆ ರಾಯರು 31ನೇ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಅಂದರು. ಅಷ್ಟರಲ್ಲಿ ಅಚ್ಚಿನ ಪ್ಲೇಟ್ ಆಗಿತ್ತು. ಅರ್ಥ ಕೆಡುವುದಿಲ್ಲ, ಬಿಡೋಣ ಅಂತ ಇಬ್ಬರೂ ಒಪ್ಪಿದೆವು. `p04` ಮಾಡಲಿಲ್ಲ. ಪಟ್ಟಿಯಲ್ಲಿ `p03` ಸಾಲಿನ ಕೆಳಗೆ "ಪುಟ 31, ಅಲ್ಪವಿರಾಮ, ಮತ್ತೆ ಅಚ್ಚಾದರೆ" ಅಂತ ಬರೆದಿಟ್ಟಿದ್ದೇನೆ.